ಕಲುಷಿತ ನಗರದ ಎಎಚ್‌ಯುಗೆ ಯಾವ ಫಿಲ್ಟರ್? ದರ್ಜೆ, ಒತ್ತಡ ನಷ್ಟ ಮತ್ತು ವರ್ಷದ ಲೆಕ್ಕ

ಒಂದೇ ಏರ್ ಹ್ಯಾಂಡ್ಲಿಂಗ್ ಯೂನಿಟ್‌ಗೆ ಮೂರು ಕೊಟೇಷನ್ ಬಂದಿರುತ್ತವೆ. ಒಬ್ಬರು ಜಿ4 ಪ್ಯಾನೆಲ್ ಜೊತೆ ಎಫ್7 ಬ್ಯಾಗ್ ಸಾಕು ಎನ್ನುತ್ತಾರೆ, ಇನ್ನೊಬ್ಬರು ಎಫ್9 ಬೇಕೇ ಬೇಕು ಎನ್ನುತ್ತಾರೆ, ಮೂರನೆಯವರು ನೇರವಾಗಿ ಎಚ್13 ದರ್ಜೆಯ ಹೆಪಾ ಫಿಲ್ಟರ್ ಬರೆದುಕೊಟ್ಟಿರುತ್ತಾರೆ. ಮೂರರಲ್ಲೂ ಎದ್ದು ಕಾಣುವುದು ಫಿಲ್ಟರ್‌ನ ಬೆಲೆ. ಆ ಫಿಲ್ಟರ್ ಮೂಲಕ ಗಾಳಿಯನ್ನು ವರ್ಷವಿಡೀ ತಳ್ಳುವುದಕ್ಕೆ ಫ್ಯಾನ್ ತಿನ್ನುವ ವಿದ್ಯುತ್ ಕೊಟೇಷನ್‌ನಲ್ಲಿ ಇರುವುದಿಲ್ಲ. ವರ್ಷಕ್ಕೆ ಎಷ್ಟು ಸಲ ಬದಲಿಸಬೇಕಾಗುತ್ತದೆ ಎಂಬುದೂ ಇರುವುದಿಲ್ಲ. ದೂಳು ಹೆಚ್ಚಿರುವ ನಗರದಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಈ ಎರಡು ಸಂಗತಿಗಳೇ.

ಇಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಲೆಕ್ಕ ಹಾಕೋಣ. ಪೂರ್ತಿ ಹೊರಗಿನ ಗಾಳಿಯನ್ನೇ ಎಳೆಯುವ, ಸೆಕೆಂಡಿಗೆ 5 ಘನ ಮೀಟರ್ ಅಂದರೆ ಗಂಟೆಗೆ 18,000 ಘನ ಮೀಟರ್ ಸಾಮರ್ಥ್ಯದ ಎಎಚ್‌ಯು. ವರ್ಷಕ್ಕೆ 4,000 ಗಂಟೆ ಓಡುತ್ತದೆ. 592 × 592 ಮಿ.ಮೀ. ಅಳತೆಯ ಆರು ಫಿಲ್ಟರ್‌ಗಳ ಚೌಕಟ್ಟು, ಒಂದೊಂದರ ಪಾಲಿಗೆ ಗಂಟೆಗೆ 3,000 ಘನ ಮೀಟರ್. ಫ್ಯಾನ್, ಮೋಟರ್, ಡ್ರೈವ್ ಎಲ್ಲ ಸೇರಿ ದಕ್ಷತೆ 55%. ಹೊರಗಿನ ಗಾಳಿಯಲ್ಲಿ ವರ್ಷದ ಸರಾಸರಿ ಪಿಎಂ2.5 ಘನ ಮೀಟರಿಗೆ 100 ಮೈಕ್ರೋಗ್ರಾಂ, ಪಿಎಂ10 200 ಮೈಕ್ರೋಗ್ರಾಂ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಆದರೆ ದಾರಿ ಇದೇ.

ಮೊದಲು ಅಳತೆಗೋಲು

ಯಾವ ಫಿಲ್ಟರ್ ಎಂದು ಕೇಳುವ ಮೊದಲು ಒಳಗೆ ಎಷ್ಟು ಶುದ್ಧ ಗಾಳಿ ಬೇಕು ಎಂದು ಒಂದು ಅಂಕಿ ಬರೆದಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಪಿಎಂ2.5ರ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ, 24 ಗಂಟೆಯ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು. ನಮ್ಮ ಉದಾಹರಣೆಗೆ 15ನ್ನೇ ಗುರಿಯಾಗಿ ಇಟ್ಟುಕೊಳ್ಳೋಣ. ಅಂದರೆ ಹೊರಗಿನ 100ರಲ್ಲಿ 85 ಭಾಗ ಫಿಲ್ಟರ್‌ನಲ್ಲೇ ನಿಲ್ಲಬೇಕು.

ಎರಡನೆಯ ಅಳತೆ ವಿದ್ಯುತ್. ಸೂತ್ರ ಸರಳ:

```
E = q × Δp × t / (η × 1000)
```

ಇದರಲ್ಲಿ q ಎಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಗಾಳಿ, Δp ಎಂದರೆ ಫಿಲ್ಟರ್‌ನ ಎರಡು ಬದಿಯ ನಡುವಿನ ಸರಾಸರಿ ಒತ್ತಡ ನಷ್ಟ ಪ್ಯಾಸ್ಕಲ್‌ನಲ್ಲಿ, t ಎಂದರೆ ಓಡಿದ ಗಂಟೆಗಳು, η ಎಂದರೆ ಒಟ್ಟು ದಕ್ಷತೆ. ಬರುವ ಉತ್ತರ ಯೂನಿಟ್‌ನಲ್ಲಿ, ಅಂದರೆ ಕಿಲೋವ್ಯಾಟ್ ಗಂಟೆಯಲ್ಲಿ. ನಮ್ಮ ಅಂಕಿಗಳನ್ನು ಹಾಕಿ 1 ಪ್ಯಾಸ್ಕಲ್‌ಗೆ ಲೆಕ್ಕ ಮಾಡಿದರೆ ವರ್ಷಕ್ಕೆ 36.4 ಯೂನಿಟ್ ಬರುತ್ತದೆ. ಈ ಒಂದು ಅಂಕಿಯನ್ನು ಪ್ಲಾಂಟ್ ರೂಮಿನ ಗೋಡೆಯ ಮೇಲೆ ಬರೆದಿಡಬಹುದು. ಯಾರಾದರೂ 30 ಪ್ಯಾಸ್ಕಲ್ ಕಡಿಮೆ ಇರುವ ಫಿಲ್ಟರ್ ತೋರಿಸಿದರೆ ವರ್ಷಕ್ಕೆ ಸುಮಾರು 1,100 ಯೂನಿಟ್ ಉಳಿತಾಯ ಎಂದು ನಿಂತಲ್ಲೇ ಹೇಳಬಹುದು. ಅದೇ ಎಎಚ್‌ಯು ಹಗಲುರಾತ್ರಿ 8,760 ಗಂಟೆ ಓಡಿದರೆ ಒಂದು ಪ್ಯಾಸ್ಕಲ್‌ನ ಬೆಲೆ ಸುಮಾರು 80 ಯೂನಿಟ್ ಆಗುತ್ತದೆ.

ಒಂದು ಎಚ್ಚರಿಕೆ. ಫ್ಯಾನ್‌ನ ವೇಗ ಬದಲಿಸುವ ವಿಎಫ್‌ಡಿ ಇದ್ದು, ಗಾಳಿಯ ಪ್ರಮಾಣವನ್ನು ಸೆನ್ಸರ್ ನೋಡಿ ಸ್ಥಿರವಾಗಿ ಇಡುವ ವ್ಯವಸ್ಥೆಗೆ ಮಾತ್ರ ಈ ಸೂತ್ರ ಸರಿ. ಒಂದೇ ವೇಗದಲ್ಲಿ ತಿರುಗುವ ಫ್ಯಾನ್‌ಗೆ ಫಿಲ್ಟರ್ ಕಟ್ಟಿಕೊಂಡಾಗ ವಿದ್ಯುತ್ ಏರುವುದಿಲ್ಲ, ಗಾಳಿ ಇಳಿಯುತ್ತದೆ. ಬಿಲ್ ನೋಡಿದರೆ ಎಲ್ಲ ಚೆನ್ನಾಗಿದೆ ಎನ್ನಿಸುತ್ತದೆ, ಆದರೆ ಒಳಗಿರುವವರಿಗೆ ಸಿಗಬೇಕಾದ ತಾಜಾ ಗಾಳಿ ಸಿಗುತ್ತಿರುವುದಿಲ್ಲ. ಅಂಥ ಕಡೆ ಫಿಲ್ಟರ್‌ನ ಖರ್ಚಿಗಿಂತ ಮೊದಲು ಫ್ಯಾನ್‌ನ ನಿಯಂತ್ರಣದ ಬಗ್ಗೆ ಯೋಚಿಸಬೇಕು.

ಮೂರನೆಯದು ಫಿಲ್ಟರ್‌ನ ಬೆಲೆ. ಊರಿಂದ ಊರಿಗೆ ಹಣವೂ ದರವೂ ಬದಲಾಗುವುದರಿಂದ ಎಲ್ಲವನ್ನೂ ಯೂನಿಟ್‌ಗೆ ತಿರುಗಿಸಿಕೊಳ್ಳುವುದು ಒಳ್ಳೆಯದು. ಫಿಲ್ಟರ್‌ನ ಬೆಲೆ, ಅಳವಡಿಸುವ ಕೂಲಿ, ಹಳೆಯದನ್ನು ವಿಲೇವಾರಿ ಮಾಡುವ ಖರ್ಚು ಮೂರನ್ನೂ ಕೂಡಿಸಿ, ನೀವು ಒಂದು ಯೂನಿಟ್ ವಿದ್ಯುತ್ತಿಗೆ ಕೊಡುವ ದರದಿಂದ ಭಾಗಿಸಿ. ಇಪಿಎಂ1, ಇಪಿಎಂ10 ಎಂದರೆ 1 ಅಥವಾ 10 ಮೈಕ್ರಾನ್‌ವರೆಗಿನ ಕಣಗಳಲ್ಲಿ ಫಿಲ್ಟರ್ ಎಷ್ಟು ಶೇಕಡಾ ತಡೆಯುತ್ತದೆ ಎಂದು ಹೇಳುವ ದರ್ಜೆ. ಉದಾಹರಣೆಗಾಗಿ ಪ್ಲೀಟೆಡ್ ಪ್ಯಾನೆಲ್ ಒಂದಕ್ಕೆ 60 ಯೂನಿಟ್, ಇಪಿಎಂ10 ಬ್ಯಾಗ್‌ಗೆ 200, ಇಪಿಎಂ1 60% ಬ್ಯಾಗ್‌ಗೆ 300, ಇಪಿಎಂ1 80% ಬ್ಯಾಗ್‌ಗೆ 350, ಮಾಧ್ಯಮವನ್ನು ವಿ ಆಕಾರದಲ್ಲಿ ಜೋಡಿಸಿದ ಇಪಿಎಂ1 80% ವಿ-ಬ್ಯಾಂಕ್‌ಗೆ 600, ಎಚ್13ಗೆ 1,200 ಯೂನಿಟ್‌ಗೆ ಸಮ ಎಂದುಕೊಳ್ಳೋಣ.

ದರ್ಜೆಯ ಹೆಸರು ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಜಿ4, ಎಫ್7, ಎಫ್9 ಎಂಬ ಹೆಸರುಗಳು ಇಎನ್ 779 ಎಂಬ ಹಳೆಯ ಮಾನದಂಡದವು. 2016ರಲ್ಲಿ ಐಎಸ್‌ಒ 16890 ಬಂತು, ಹಳೆಯದನ್ನು 2018ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಮಾತಿನಲ್ಲಿ ಹಳೆಯ ಹೆಸರುಗಳೇ ಉಳಿದಿವೆ. ಹಳೆಯ ಪರೀಕ್ಷೆ ಸೂಕ್ಷ್ಮ ಫಿಲ್ಟರ್‌ಗಳನ್ನು 0.4 ಮೈಕ್ರಾನ್ ಎಂಬ ಒಂದೇ ಗಾತ್ರದ ಕಣದ ಮೇಲೆ ತೂಗುತ್ತಿತ್ತು. ಹೊಸದು 1, 2.5 ಮತ್ತು 10 ಮೈಕ್ರಾನ್‌ವರೆಗಿನ ಕಣಗಳ ಗುಂಪಿನಲ್ಲಿ ಎಷ್ಟು ಶೇಕಡಾ ತಡೆಯುತ್ತದೆ ಎಂದು ಹೇಳುತ್ತದೆ. ನೇರ ಪರಿವರ್ತನೆ ಇಲ್ಲ. ಸುಮಾರಾಗಿ ಎಫ್7 ಎಂದು ಮಾರುವುದು ಇಪಿಎಂ1 50ರಿಂದ 65%ರ ಸುತ್ತ, ಎಫ್9 ಎಂಬುದು ಇಪಿಎಂ1 80% ಮತ್ತು ಮೇಲೆ ಇರುತ್ತದೆ.

ಹೊರಗಿನ ಗಾಳಿ ಮಾರ್ಗಸೂಚಿಯ ಒಂದೂವರೆ ಪಟ್ಟಿಗಿಂತ ಹೆಚ್ಚು ಕೆಟ್ಟಿದ್ದರೆ ಯುರೋಪಿನ ಉದ್ಯಮ ಸಂಘ ಯೂರೋವೆಂಟ್‌ನ 4/23 ಶಿಫಾರಸು ಅದನ್ನು ಅತಿ ಕೆಟ್ಟ ವರ್ಗಕ್ಕೆ ಸೇರಿಸುತ್ತದೆ. ಜನರು ದಿನವಿಡೀ ಇರುವ ಸಾಮಾನ್ಯ ಕೊಠಡಿಗಳಿಗೆ ಆಗ ಒಟ್ಟು ಇಪಿಎಂ1 80% ಇರಲಿ ಎನ್ನುತ್ತದೆ. ಇದು ಒಂದೇ ಫಿಲ್ಟರ್‌ನಿಂದ ಬರಬೇಕೆಂದಿಲ್ಲ, ಸಾಲಾಗಿ ನಿಂತ ಎರಡು ಹಂತಗಳಿಂದಲೂ ಬರಬಹುದು. ಮೊದಲನೆಯದು 60% ತಡೆದರೆ 40 ದಾಟುತ್ತದೆ, ಎರಡನೆಯದು 50% ತಡೆದರೆ ಆ 40ರಲ್ಲಿ 20 ಉಳಿಯುತ್ತದೆ. ಎರಡನೆಯ ಹಂತಕ್ಕೆ ತಲುಪುವ ಕಣಗಳು ಇನ್ನೂ ಸಣ್ಣವಾದ್ದರಿಂದ ನಿಜವಾದ ಫಲ ಈ ಗುಣಾಕಾರಕ್ಕಿಂತ ತುಸು ಕಡಿಮೆ ಇರುತ್ತದೆ.

ದರ್ಜೆಯ ಶೇಕಡಾ ಅಂಕಿ ಎರಡು ಅಳತೆಗಳ ಸರಾಸರಿ ಎಂಬುದನ್ನು ಬಹಳಷ್ಟು ಕೊಳ್ಳುವವರು ಗಮನಿಸುವುದಿಲ್ಲ. ಒಂದು ಅಳತೆ ಹೊಸ ಫಿಲ್ಟರ್‌ನದು. ಇನ್ನೊಂದು, ಐಸೊಪ್ರೊಪೈಲ್ ಆಲ್ಕೊಹಾಲ್ ಆವಿಯಲ್ಲಿಟ್ಟು ಅದರ ವಿದ್ಯುತ್ ಚಾರ್ಜ್ ಕಳೆದ ಮೇಲಿನದು. ಚಾರ್ಜ್ ಮಾಡಿದ ಸಿಂಥೆಟಿಕ್ ಮಾಧ್ಯಮ ಹೊಸತರಲ್ಲಿ 68% ತೋರಿಸಿ, ಚಾರ್ಜ್ ಹೋದ ಮೇಲೆ 52%ಗೆ ಇಳಿದರೂ ಲೇಬಲ್ ಮೇಲೆ 60% ಎಂದೇ ಇರುತ್ತದೆ. ಗಾಜಿನ ನಾರಿನ ಫಿಲ್ಟರ್ ಚಾರ್ಜ್ ನಂಬಿಕೊಂಡಿಲ್ಲ, ಅದರಲ್ಲಿ ಎರಡೂ ಅಳತೆ ಹತ್ತಿರ ಹತ್ತಿರ ಇರುತ್ತವೆ. ಹೊಗೆಯ ಮಸಿ ತುಂಬಿದ ಗಾಳಿಯಲ್ಲಿ ಚಾರ್ಜ್ ಬಹುಬೇಗ ಮುಚ್ಚಿಹೋಗುತ್ತದೆ. ಆದ್ದರಿಂದ ಕಲುಷಿತ ನಗರದಲ್ಲಿ ಪರೀಕ್ಷಾ ವರದಿ ತರಿಸಿಕೊಂಡು, ಅದರಲ್ಲಿ ಕನಿಷ್ಠ ದಕ್ಷತೆ ಎಂದು ಬರೆದಿರುವ ಅಂಕಿಯಿಂದಲೇ ಲೆಕ್ಕ ಹಾಕಿ. ವರದಿ ಕೊಡದವರ ಲೇಬಲ್ ನಂಬಬೇಡಿ.

ಇಂಧನ ಲೇಬಲ್‌ಗೂ ಇಂಥದೇ ಮಿತಿ ಇದೆ. ಯೂರೋವೆಂಟ್‌ನ ಇಂಧನ ವರ್ಗೀಕರಣ ಇಪಿಎಂ1 ಫಿಲ್ಟರ್‌ಗೆ 200 ಗ್ರಾಂ ಪರೀಕ್ಷಾ ದೂಳು ಉಣಿಸಿ ಸರಾಸರಿ ಒತ್ತಡ ನಷ್ಟ ಕಂಡುಕೊಳ್ಳುತ್ತದೆ. ನಮ್ಮ ಉದಾಹರಣೆಯ ಎಎಚ್‌ಯು ವರ್ಷಕ್ಕೆ 7.2 ಕೋಟಿ ಘನ ಮೀಟರ್ ಗಾಳಿ ಎಳೆಯುತ್ತದೆ. ಅದರಲ್ಲಿ ಪಿಎಂ10 ಒಂದೇ 14.4 ಕೆ.ಜಿ. ಇರುತ್ತದೆ. ಆರು ಫಿಲ್ಟರ್‌ಗೆ ಹಂಚಿದರೆ ಒಂದೊಂದಕ್ಕೆ 2.4 ಕೆ.ಜಿ. ಅಂದರೆ ಲೇಬಲ್ ಲೆಕ್ಕ ಹಿಡಿದ 200 ಗ್ರಾಂ ಮೊದಲ ಹಂತದ ಮೇಲೆ ಒಂದೇ ತಿಂಗಳಲ್ಲಿ ಬಂದು ಬೀಳುತ್ತದೆ. ಸಾಲದ್ದಕ್ಕೆ ನಗರದ ಮಸಿ ಪರೀಕ್ಷಾ ದೂಳಿಗಿಂತ ಸಣ್ಣ ಕಣ, ಗ್ರಾಂ ಲೆಕ್ಕದಲ್ಲಿ ಅದು ಒತ್ತಡವನ್ನು ಹೆಚ್ಚು ಏರಿಸುತ್ತದೆ. ಹೊಸತರಲ್ಲಿ ಅತಿ ಕಡಿಮೆ ಒತ್ತಡ ತೋರಿಸುವ, ಆದರೆ ಮಾಧ್ಯಮದ ವಿಸ್ತೀರ್ಣ ಚಿಕ್ಕದಾಗಿರುವ ಫಿಲ್ಟರ್ ಲೇಬಲ್‌ನಲ್ಲಿ ಗೆದ್ದು ನಿಮ್ಮ ಎಎಚ್‌ಯುನಲ್ಲಿ ಸೋಲುವುದು ಹೀಗೆ. ಕ್ಯಾಟಲಾಗ್‌ನಲ್ಲಿ ಮೊದಲು ಹುಡುಕಬೇಕಾದ ಅಂಕಿ ಮಾಧ್ಯಮದ ಚದರ ಮೀಟರ್.

ನಾಲ್ಕು ಜೋಡಿಗಳು, ಒಂದೇ ತಕ್ಕಡಿಯಲ್ಲಿ

ಉದಾಹರಣೆಯ ಎಎಚ್‌ಯುಗೆ ನಾಲ್ಕು ಜೋಡಿಗಳನ್ನು ಹಾಕಿ ನೋಡೋಣ. ಕೆಳಗಿನ ಲೆಕ್ಕದಲ್ಲಿ ಚಾರ್ಜ್ ಕಳೆದ ಮೇಲೂ ಇಪಿಎಂ1 60% ಬ್ಯಾಗ್ ಪಿಎಂ2.5ರಲ್ಲಿ 70%, ಇಪಿಎಂ1 80% ಫಿಲ್ಟರ್ 86%, ಇಪಿಎಂ10 ಬ್ಯಾಗ್ 35%, ಪ್ಯಾನೆಲ್ ಬರೀ 10% ತಡೆಯುತ್ತದೆ ಎಂದು ಇಟ್ಟುಕೊಂಡಿದ್ದೇವೆ.

| ಜೋಡಿ | ಸರಾಸರಿ ಒತ್ತಡ ನಷ್ಟ (ಪ್ಯಾಸ್ಕಲ್) | ವಿದ್ಯುತ್ (ಯೂನಿಟ್) | ಫಿಲ್ಟರ್ (ಯೂನಿಟ್ ಸಮ) | ಒಟ್ಟು | ಒಳಬರುವ ಪಿಎಂ2.5 |
|---|---|---|---|---|---|
| ಕ: ಪ್ಯಾನೆಲ್ + ಇಪಿಎಂ1 60% ಬ್ಯಾಗ್ | 105 + 130 | 8,550 | 8,280 | 16,830 | 27 |
| ಖ: ಪ್ಯಾನೆಲ್ + ಇಪಿಎಂ1 80% ಬ್ಯಾಗ್ | 105 + 175 | 10,190 | 11,280 | 21,470 | 13 |
| ಗ: ಇಪಿಎಂ10 ಬ್ಯಾಗ್ + ಇಪಿಎಂ1 80% ವಿ-ಬ್ಯಾಂಕ್ | 90 + 140 | 8,370 | 12,000 | 20,370 | 9 |
| ಘ: ಇಪಿಎಂ1 60% ಬ್ಯಾಗ್ + ಇಪಿಎಂ1 80% ವಿ-ಬ್ಯಾಂಕ್ | 140 + 125 | 9,650 | 10,800 | 20,450 | 4ರಿಂದ 5 |

ಜೋಡಿ ಕ ಎಲ್ಲಕ್ಕಿಂತ ಅಗ್ಗ, ಎಲ್ಲೆಡೆ ಕಾಣಸಿಗುವುದೂ ಅದೇ. ಪ್ಯಾನೆಲ್ 60 ಪ್ಯಾಸ್ಕಲ್‌ನಲ್ಲಿ ಶುರುವಾಗಿ 150ಕ್ಕೆ ಬಂದಾಗ, ಸುಮಾರು 500 ಗಂಟೆಗೊಮ್ಮೆ, ವರ್ಷಕ್ಕೆ ಎಂಟು ಸಲ ಬದಲಾಗುತ್ತದೆ. ಬ್ಯಾಗ್ 80ರಿಂದ 200ಕ್ಕೆ ಏರಿ ವರ್ಷಕ್ಕೆ ಮೂರು ಸಲ ಬದಲಾಗುತ್ತದೆ. ಆದರೆ ಒಳಗೆ ಬರುವ ಗಾಳಿಯಲ್ಲಿ 27 ಮೈಕ್ರೋಗ್ರಾಂ ಉಳಿಯುತ್ತದೆ, ನಮ್ಮ ಗುರಿಯ ಹತ್ತಿರಕ್ಕೂ ಬರುವುದಿಲ್ಲ. ಪೂರ್ತಿ ಹೊರಗಿನ ಗಾಳಿಯ ಎಎಚ್‌ಯುಗೆ ಇದು ಸಲ್ಲದು. ಇಲ್ಲಿ ಉಳಿಸಿದ ಹಣವನ್ನು ಒಳಗಿರುವವರ ಶ್ವಾಸಕೋಶ ಭರಿಸುತ್ತದೆ.

ಜೋಡಿ ಖ ಗುರಿ ಮುಟ್ಟುತ್ತದೆ, ಆದರೆ ಗುರಿ ಮುಟ್ಟುವವುಗಳಲ್ಲಿ ಇದೇ ದುಬಾರಿ. ಕಾರಣ ಪ್ಯಾನೆಲ್‌ನಲ್ಲಿದೆ. ಪ್ಯಾನೆಲ್ ತಡೆಯುವುದು ದಪ್ಪ ದೂಳನ್ನು. ಫಿಲ್ಟರ್ ಕಟ್ಟಿಸುವ ಸಣ್ಣ ಮಸಿಯೆಲ್ಲ ಅದನ್ನು ದಾಟಿ ದುಬಾರಿ ಬ್ಯಾಗ್ ಮೇಲೆ ಬೀಳುತ್ತದೆ. ಆದ್ದರಿಂದ 120 ಪ್ಯಾಸ್ಕಲ್‌ನಲ್ಲಿ ಶುರುವಾದ ಬ್ಯಾಗ್ ವರ್ಷಕ್ಕೆ ನಾಲ್ಕು ಸಲ 250 ಮುಟ್ಟುತ್ತದೆ. ಎರಡನೆಯ ಹಂತದ ದರ್ಜೆ ಏರಿಸಿ ಮೊದಲನೆಯದನ್ನು ಹಾಗೇ ಬಿಡುವುದು ನವೀಕರಣದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು. ಹಾಗಿದ್ದೂ ಚೌಕಟ್ಟಿನಲ್ಲಿ ಮೊದಲ ಹಂತಕ್ಕೆ 50 ಮಿ.ಮೀ. ಜಾಗ ಮಾತ್ರ ಇದ್ದರೆ ಖ ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಗ ಮತ್ತು ಘ ಎರಡಕ್ಕೂ ಮೊದಲ ಹಂತದಲ್ಲಿ 600 ಮಿ.ಮೀ. ಆಳದ ಬ್ಯಾಗ್ ಹಿಡಿಯುವಷ್ಟು ಜಾಗ ಬೇಕು. ಗ-ಯಲ್ಲಿ ಮೊದಲ ಬ್ಯಾಗ್ 50ರಿಂದ 150ಕ್ಕೆ ಏರುತ್ತದೆ, ವರ್ಷಕ್ಕೆ ನಾಲ್ಕು ಸಲ ಬದಲು. ಹಿಂದಿರುವ ವಿ-ಬ್ಯಾಂಕ್ 100ರಿಂದ 200, ವರ್ಷಕ್ಕೆ ಎರಡು ಸಲ. ಘ-ಯಲ್ಲಿ ಮೊದಲ ಬ್ಯಾಗ್ 80ರಿಂದ 220, ವರ್ಷಕ್ಕೆ ನಾಲ್ಕು ಸಲ. ಅದು ಮಸಿಯ ದೊಡ್ಡ ಪಾಲನ್ನು ತಾನೇ ತಡೆಯುವುದರಿಂದ ವಿ-ಬ್ಯಾಂಕ್ ವರ್ಷಪೂರ್ತಿ ನಿಲ್ಲುತ್ತದೆ, ಕೊನೆಗೂ 150 ದಾಟುವುದಿಲ್ಲ. ಮೊದಲ ಹಂತಕ್ಕೆ ಸುರಿದದ್ದು ಎರಡನೆಯ ಹಂತದಲ್ಲಿ ಮರಳಿ ಬರುತ್ತದೆ. ಒಟ್ಟು ಖರ್ಚು ಗ-ಗೂ ಘ-ಗೂ ಸಮ ಎನ್ನಬಹುದು, 80 ಯೂನಿಟ್‌ನ ಅಂತರಕ್ಕೆ ಅರ್ಥವಿಲ್ಲ. ಆದರೆ ಒಳಬರುವ ಕಣ ಅರ್ಧಕ್ಕೆ ಇಳಿಯುತ್ತದೆ.

ವರ್ಷದ ಸರಾಸರಿಯಲ್ಲಿ 9 ಮತ್ತು 5ರ ನಡುವಿನ ಅಂತರ ಸಣ್ಣದು ಎನ್ನಿಸಬಹುದು. ಕೆಟ್ಟ ದಿನಗಳನ್ನು ನೋಡಿ. ಹೊರಗೆ 300 ಮೈಕ್ರೋಗ್ರಾಂ ಇರುವ ದಿನ ಕ-ಯಿಂದ 81, ಖ-ಯಿಂದ 38, ಗ-ಯಿಂದ 27 ಒಳಗೆ ಬರುತ್ತದೆ. ಘ ಒಂದೇ 15ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಕ್ಕಳು, ಹಿರಿಯರು, ಉಸಿರಾಟದ ತೊಂದರೆ ಇರುವವರು ಬರುವ ಕಟ್ಟಡವಾದರೆ ಅನುಮಾನವಿಲ್ಲದೆ ಘ ಆರಿಸಿ.

ವಿದ್ಯುತ್ ದರ ಮತ್ತು ಫಿಲ್ಟರ್ ಬೆಲೆಯ ಅನುಪಾತ ಬದಲಾದರೆ ಈ ಸಾಲು ಎಷ್ಟು ಅಲುಗಾಡುತ್ತದೆ? ಫಿಲ್ಟರ್ ಎಲ್ಲವೂ ಅರ್ಧ ಬೆಲೆಗೆ ಸಿಕ್ಕರೆ, ಅಥವಾ ವಿದ್ಯುತ್ ದರ ಎರಡು ಪಟ್ಟಾದರೆ, ಗ 14,370ಕ್ಕೂ ಘ 15,050ಕ್ಕೂ ಇಳಿಯುತ್ತವೆ, ಗ ಸ್ವಲ್ಪ ಮುಂದೆ. ಫಿಲ್ಟರ್ ಬೆಲೆ ಎರಡು ಪಟ್ಟಾದರೆ ಗ 32,370, ಘ 31,250, ಆಗ ಘ ಮುಂದೆ. ಎರಡೂ ಕಡೆ ಖ ಹಿಂದೆಯೇ ಉಳಿಯುತ್ತದೆ. ಬೆಲೆಗಳು ನಿಖರವಾಗಿ ಗೊತ್ತಿಲ್ಲದಿದ್ದರೂ ಅಷ್ಟರಮಟ್ಟಿಗೆ ಈ ತೀರ್ಮಾನವನ್ನು ನಂಬಬಹುದು.

ಇನ್ನು ಎಚ್13. ಘ-ಯ ವಿ-ಬ್ಯಾಂಕ್ ಜಾಗದಲ್ಲಿ ಎಚ್13 ಕೂರಿಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿದರೂ ಅದರ ಸರಾಸರಿ ನಷ್ಟ 290 ಪ್ಯಾಸ್ಕಲ್ ಎಂದು ಹಿಡಿದರೆ ವಿದ್ಯುತ್ತೇ 15,650 ಯೂನಿಟ್, ಒಟ್ಟು 26,450. ಘ ಈಗಾಗಲೇ ಕೊಡುವ 5 ಮೈಕ್ರೋಗ್ರಾಂನಿಂದ 1ಕ್ಕಿಂತ ಕೆಳಗೆ ಇಳಿಸಲು ವರ್ಷಕ್ಕೆ 6,000 ಯೂನಿಟ್ ಹೆಚ್ಚು. ಶಸ್ತ್ರಚಿಕಿತ್ಸಾ ಕೊಠಡಿಗೋ ಔಷಧ ತಯಾರಿಕೆಗೋ ಇದು ಅನಿವಾರ್ಯ. ಕಚೇರಿಗೋ ತರಗತಿಗೋ ಇದು ತಪ್ಪು ಹೂಡಿಕೆ. ಆ ಹಣದಲ್ಲಿ ಬಾಗಿಲು ಕಿಟಕಿಯ ಸಂದಿ ಮುಚ್ಚಿಸಿ ಕಟ್ಟಡದ ಒಳಗೆ ಸಣ್ಣ ಧನ ಒತ್ತಡ ಉಳಿಸಿಕೊಂಡರೆ ಒಳಗಿನ ಗಾಳಿ ಹೆಚ್ಚು ಸುಧಾರಿಸುತ್ತದೆ. ಎಚ್13 ಹಾಕಿದ ಮೇಲೂ ಸಂದಿಯಲ್ಲಿ ನುಗ್ಗುವ ಗಾಳಿಗೆ ಫಿಲ್ಟರ್ ಇರುವುದಿಲ್ಲವಲ್ಲ.

ಒಳಗಿನ ಗಾಳಿಯೂ ತಿರುಗಿ ಬರುವ ಎಎಚ್‌ಯು ಆದರೆ

ಬಹಳಷ್ಟು ಎಎಚ್‌ಯುಗಳು ಪೂರ್ತಿ ಹೊರಗಿನ ಗಾಳಿ ಎಳೆಯುವುದಿಲ್ಲ. 30% ಹೊರಗಿನದು, 70% ಒಳಗಿನಿಂದ ಮರಳಿದ್ದು ಎಂದುಕೊಳ್ಳೋಣ, ಮತ್ತು ಫಿಲ್ಟರ್ ಈ ಎರಡೂ ಬೆರೆತ ಮೇಲೆ ಇದೆ. ಆಗ ಒಂದೇ ಗಾಳಿ ಮತ್ತೆ ಮತ್ತೆ ಫಿಲ್ಟರ್ ದಾಟುತ್ತದೆ. ಒಳಗೆ ಕಣ ಹುಟ್ಟಿಸುವ ಮೂಲ ಇಲ್ಲ, ಸಂದಿಯಿಂದ ಸೋರಿಕೆ ಇಲ್ಲ ಎಂದು ಹಿಡಿದರೆ ಲೆಕ್ಕ ಹೀಗೆ: 

```
Ci = P × f × Co / (1 − P × (1 − f))
```

P ಫಿಲ್ಟರ್ ದಾಟಿ ಹೋಗುವ ಪಾಲು, f ಹೊರಗಿನ ಗಾಳಿಯ ಪಾಲು, Co ಹೊರಗಿನ ಸಾಂದ್ರತೆ, Ci ಒಳಗಿನದು. ಜೋಡಿ ಕ-ಯಲ್ಲಿ P 0.27. f 0.3, Co 100 ಹಾಕಿದರೆ ಒಳಗೆ 10 ಮೈಕ್ರೋಗ್ರಾಂ. ಪೂರ್ತಿ ಹೊರಗಿನ ಗಾಳಿಯಲ್ಲಿ ಸೋತ ಜೋಡಿಯೇ ಇಲ್ಲಿ ಗುರಿ ಮುಟ್ಟುತ್ತದೆ, ದೂಳಿನ ಹೊರೆಯೂ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಇಂಥ ಎಎಚ್‌ಯುಗೆ ಕಡಿಮೆ ಬಜೆಟ್‌ನಲ್ಲಿ ಕ ಸಾಕು. ಸಂದಿ ಸೋರುವ ಹಳೆಯ ಕಟ್ಟಡವಾದರೆ ಮಾತ್ರ ಈ 10ರ ಮೇಲೆ ಭರವಸೆ ಇಡದೆ ಒಳಗೆ ಅಳೆದು ನೋಡಿ.

ಯಾವಾಗ ಬದಲಿಸಬೇಕು

ಯುರೋಪಿನ ಇಎನ್ 13053 ಮಾನದಂಡ ಸೂಕ್ಷ್ಮ ಫಿಲ್ಟರ್‌ನ ಅಂತಿಮ ಒತ್ತಡಕ್ಕೆ ಒಂದು ಮಿತಿ ಹೇಳುತ್ತದೆ: ಹೊಸತರ ಒತ್ತಡಕ್ಕೆ 100 ಪ್ಯಾಸ್ಕಲ್ ಕೂಡಿಸಿ, ಅಥವಾ ಮೂರರಿಂದ ಗುಣಿಸಿ, ಎರಡರಲ್ಲಿ ಕಡಿಮೆಯದು. ಘ-ಯ ಮೊದಲ ಬ್ಯಾಗ್‌ಗೆ ಇದು 180 ಪ್ಯಾಸ್ಕಲ್. ದೂಳು ಕಡಿಮೆ ಇರುವ ಕಡೆ ಅದು ಸರಿ. ನಮ್ಮಲ್ಲಿ ಅದನ್ನೇ ಹಿಡಿದರೆ ಇನ್ನೂ ಕೆಲಸಕ್ಕೆ ಬರುವ ಬ್ಯಾಗ್ ಎಸೆದಂತೆ.

ಖರ್ಚಿನ ದೃಷ್ಟಿಯಿಂದ ಸರಿಯಾದ ಕ್ಷಣ ಹೀಗೆ ಸಿಗುತ್ತದೆ. ಫಿಲ್ಟರ್ ಕಟ್ಟಿಕೊಂಡದ್ದರಿಂದ ಈಗ ಪ್ರತಿ ಗಂಟೆಗೆ ಎಷ್ಟು ಹೆಚ್ಚುವರಿ ವಿದ್ಯುತ್ ಹೋಗುತ್ತಿದೆ ಎಂದು ಕಂಡುಕೊಳ್ಳಿ. ಫಿಲ್ಟರ್‌ನ ಬೆಲೆಗೆ ಈವರೆಗಿನ ಹೆಚ್ಚುವರಿ ವಿದ್ಯುತ್ ಕೂಡಿಸಿ, ಓಡಿದ ಗಂಟೆಗಳಿಂದ ಭಾಗಿಸಿ, ಸರಾಸರಿ ತೆಗೆಯಿರಿ. ಮೊದಲನೆಯದು ಎರಡನೆಯದನ್ನು ಮುಟ್ಟಿದ ದಿನ ಬದಲಿಸಿ. ಅದಕ್ಕಿಂತ ಮುಂದೆ ಎಳೆದರೆ ಸರಾಸರಿ ಖರ್ಚು ಏರತೊಡಗುತ್ತದೆ.

ಘ-ಯ ಮೊದಲ ಹಂತಕ್ಕೆ ಹಾಕಿ ನೋಡೋಣ. ಆರು ಬ್ಯಾಗ್‌ಗೆ 1,800 ಯೂನಿಟ್. ಒಂದು ಪ್ಯಾಸ್ಕಲ್‌ಗೆ ಗಂಟೆಗೆ 0.0091 ಯೂನಿಟ್. 1,000 ಗಂಟೆಯ ಹೊತ್ತಿಗೆ ಒತ್ತಡ 220, ಅಂದರೆ ಹೊಸತಕ್ಕಿಂತ 140 ಹೆಚ್ಚು. ಈಗಿನ ಹೆಚ್ಚುವರಿ ಗಂಟೆಗೆ 1.27 ಯೂನಿಟ್. ಸರಾಸರಿ ಏರಿಕೆ 60 ಪ್ಯಾಸ್ಕಲ್ ಆದ್ದರಿಂದ ಈವರೆಗಿನ ಹೆಚ್ಚುವರಿ 545, ಒಟ್ಟು 2,345, ಗಂಟೆಗೆ 2.35. ಇನ್ನೂ ಓಡಿಸಬಹುದು. ಇಲ್ಲಿಂದ ಮುಂದೆ ಏರಿಕೆ ಕಡಿದಾಗುತ್ತದೆ. 1,300 ಗಂಟೆಗೆ ಒತ್ತಡ 320 ಮುಟ್ಟಿತು ಎನ್ನಿ, ಆಗ ಎರಡೂ ಅಂಕಿ 2.2ರಲ್ಲಿ ಸಂಧಿಸುತ್ತವೆ. ಬದಲಿಸುವ ದಿನ ಅದು.

ಆದರೆ 2.35 ಮತ್ತು 2.2ರ ನಡುವಿನ ಅಂತರ ಎಷ್ಟು ಚಿಕ್ಕದು ನೋಡಿ. ವರ್ಷಕ್ಕೆ ಹೆಚ್ಚೆಂದರೆ 600 ಯೂನಿಟ್. ಅದಕ್ಕಾಗಿ ಬ್ಯಾಗ್ ಅನ್ನು 320ರವರೆಗೆ ಎಳೆದರೆ ಹೊಲಿಗೆ ಬಿಚ್ಚುವ, ಹಿಡಿದ ದೂಳು ಉದುರಿ ಮುಂದೆ ಹೋಗುವ ಅಪಾಯ ಹೆಚ್ಚು, ಫ್ಯಾನ್ ಕೂಡ ಅಷ್ಟು ಒತ್ತಡ ಕೊಡುವಂತಿರಬೇಕು. 220ರಿಂದ 250ರ ನಡುವೆ ಬದಲಿಸಿದರೆ ಕಳೆದುಕೊಳ್ಳುವುದು ಅತ್ಯಲ್ಪ. ಫ್ಯಾನ್ ಆರಿಸುವಾಗ ಮಾತ್ರ ಸರಾಸರಿ ಬಿಟ್ಟು, ಎರಡೂ ಹಂತದ ಅಂತಿಮ ಒತ್ತಡ ಕೂಡಿಸಿ ನೋಡಿ: ಖ-ಗೆ 400, ಗ-ಗೆ 350, ಘ-ಗೆ 370 ಪ್ಯಾಸ್ಕಲ್.

ಗೇಜ್ ಸುಳ್ಳು ಹೇಳುವ ಸಂದರ್ಭಗಳು

ಪ್ರತಿ ಹಂತಕ್ಕೂ ಬೇರೆ ಬೇರೆ ಡಿಫರೆನ್ಷಿಯಲ್ ಪ್ರೆಷರ್ ಗೇಜ್ ಇರಬೇಕು, ಎರಡಕ್ಕೂ ಸೇರಿ ಒಂದಿದ್ದರೆ ಯಾವುದು ಕಟ್ಟಿದೆ ಎಂದು ತಿಳಿಯದು. ಫ್ಯಾನ್ ವೇಗ ಕಡಿಮೆ ಇರುವಾಗ ಓದಿದ ಅಂಕಿಯನ್ನು ಹಾಗೇ ನಂಬಬೇಡಿ. ಒತ್ತಡ ನಷ್ಟ ಸುಮಾರಾಗಿ ಗಾಳಿಯ ಪ್ರಮಾಣದ 1.3ನೇ ಘಾತದಂತೆ ಬದಲಾಗುತ್ತದೆ ಎಂದು ಹಿಡಿದರೆ, 70% ಗಾಳಿಯಲ್ಲಿ 150 ತೋರಿಸುವ ಫಿಲ್ಟರ್ ಪೂರ್ಣ ಗಾಳಿಯಲ್ಲಿ 240ರ ಹತ್ತಿರ ಇರುತ್ತದೆ. ಬದಲಿಸುವ ಹೊತ್ತು ಆಗಲೇ ಬಂದಿರುತ್ತದೆ.

ಮಂಜು ಕವಿದ ಬೆಳಗ್ಗೆ ಇದಕ್ಕೆ ಉಲ್ಟಾ ಆಗಬಹುದು. ನಗರದ ದೂಳಿನಲ್ಲಿ ತೇವ ಹೀರುವ ಲವಣಗಳಿರುತ್ತವೆ. ಆರ್ದ್ರತೆ ಹೆಚ್ಚಾದಾಗ ಅವು ಒದ್ದೆಯಾಗಿ ನಾರುಗಳ ನಡುವೆ ಹರಡಿ ಒತ್ತಡ ಏಕಾಏಕಿ ಏರುತ್ತದೆ, ಬಿಸಿಲೇರಿದ ಮೇಲೆ ಇಳಿಯಲೂಬಹುದು. ಒಂದು ಬೆಳಗಿನ ಅಂಕಿ ನೋಡಿ ಇಡೀ ಸೆಟ್ ಬದಲಿಸದೆ, ಒಣ ಮಧ್ಯಾಹ್ನಗಳ ಅಂಕಿಯನ್ನು ನಾಲ್ಕೈದು ದಿನ ನೋಡಿ. ರಟ್ಟಿನ ಚೌಕಟ್ಟಿನ ಪ್ಯಾನೆಲ್ ಇಂಥ ತೇವದಲ್ಲಿ ಉಬ್ಬಿ ಬಾಗುತ್ತದೆ, ಹೊರಗಿನ ಗಾಳಿಗೆ ಪ್ಲಾಸ್ಟಿಕ್ ಅಥವಾ ಲೋಹದ ಚೌಕಟ್ಟೇ ಇರಲಿ.

ಎಲ್ಲಕ್ಕಿಂತ ದೊಡ್ಡ ಮೋಸ ಬೈಪಾಸ್. ಗ್ಯಾಸ್ಕೆಟ್ ಹೋಗಿ, ಕ್ಲಿಪ್ ಸಡಿಲವಾಗಿ, 5% ಗಾಳಿ ಫಿಲ್ಟರ್ ಪಕ್ಕದಿಂದ ನುಸುಳಿದರೆ 86% ತಡೆಯುವ ಫಿಲ್ಟರ್ ನಿಜದಲ್ಲಿ 82% ತಡೆಯುತ್ತದೆ. ದಾಟುವ ದೂಳು 14ರಿಂದ 18ಕ್ಕೆ, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಏರುತ್ತದೆ. ಗೇಜ್ ಇದನ್ನು ಒಳ್ಳೆಯ ಸುದ್ದಿಯಂತೆ ತೋರಿಸುತ್ತದೆ, ಒತ್ತಡ ಕಡಿಮೆ ಇರುತ್ತದೆ. ಹೊಸ ಫಿಲ್ಟರ್ ಕ್ಯಾಟಲಾಗ್ ಹೇಳಿದ್ದಕ್ಕಿಂತ ತುಂಬಾ ಕೆಳಗೆ ಓದಿದರೆ, ಅಥವಾ ತಿಂಗಳಾದರೂ ಏರದಿದ್ದರೆ, ಫ್ಯಾನ್ ನಿಲ್ಲಿಸಿ ಟಾರ್ಚ್ ಹಿಡಿದು ಫಿಲ್ಟರ್‌ನ ಹಿಂಬದಿ ನೋಡಿ. ಚೌಕಟ್ಟಿನ ಅಂಚಿನಿಂದ ಶುರುವಾಗುವ ಕಪ್ಪು ಗೆರೆಗಳು ಸೋರುವ ಜಾಗವನ್ನು ತೋರಿಸಿಕೊಡುತ್ತವೆ. ಬ್ಯಾಗ್‌ನ ಜೇಬುಗಳು ನೆಟ್ಟಗೆ ಕೂತಿವೆಯೇ ಎಂದೂ ಆಗಲೇ ನೋಡಿ. ಅಡ್ಡಡ್ಡ ಕೂರಿಸಿದ ಜೇಬು ಜೋತುಬಿದ್ದು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಕೊಂಡ ಮಾಧ್ಯಮದ ಅರ್ಧಭಾಗ ಕೆಲಸ ಮಾಡುವುದೇ ಇಲ್ಲ.

ಇನ್ನೂ ಎಎಚ್‌ಯು ಕೊಂಡಿಲ್ಲವಾದರೆ

ಹೊಸ ಎಎಚ್‌ಯು ಕೊಳ್ಳುವವರಿಗೆ ಫಿಲ್ಟರ್ ದರ್ಜೆಗಿಂತ ಲಾಭದ ಆಯ್ಕೆಯೊಂದಿದೆ: ಆರರ ಬದಲು ಎಂಟು ಫಿಲ್ಟರ್‌ನ ಚೌಕಟ್ಟು ಕೇಳುವುದು. ಒಂದೊಂದರ ಮೂಲಕ ಹೋಗುವ ಗಾಳಿ ಗಂಟೆಗೆ 2,250 ಘನ ಮೀಟರ್‌ಗೆ ಇಳಿಯುತ್ತದೆ, ಅದೇ 1.3ರ ಘಾತದಂತೆ ಒತ್ತಡ ನಷ್ಟ ಸುಮಾರು 31% ಕಡಿಮೆಯಾಗುತ್ತದೆ. ಜೋಡಿ ಘ-ಯಲ್ಲಿ ಸರಾಸರಿ 265 ಇದ್ದದ್ದು 182ರ ಹತ್ತಿರ ಬಂದರೆ ವರ್ಷಕ್ಕೆ ಸುಮಾರು 3,000 ಯೂನಿಟ್ ಉಳಿಯುತ್ತದೆ. ಪ್ರತಿ ಸಲ ಎಂಟು ಫಿಲ್ಟರ್ ಕೊಳ್ಳಬೇಕು ನಿಜ, ಆದರೆ ಒಂದೊಂದರ ಮೇಲೆ ಬೀಳುವ ದೂಳು ಕಾಲು ಭಾಗ ಕಡಿಮೆ, ವೇಗವೂ ಕಡಿಮೆ, ಆದ್ದರಿಂದ ಬದಲಿಸುವ ಅವಧಿ ಕೊಂಡ ಹೆಚ್ಚುವರಿ ಫಿಲ್ಟರ್‌ಗಳನ್ನು ಸರಿದೂಗಿಸುವಷ್ಟು ಉದ್ದವಾಗುತ್ತದೆ. ಪೆಟ್ಟಿಗೆ ಒಂದಿಷ್ಟು ಅಗಲವಾಗುತ್ತದೆ, ಪ್ಲಾಂಟ್ ರೂಮಿನ ಜಾಗವನ್ನು ನಕ್ಷೆಯ ಹಂತದಲ್ಲೇ ಕಾದಿರಿಸಿಕೊಳ್ಳಬೇಕು. ಜೊತೆಗೆ ಮೊದಲ ಹಂತಕ್ಕೆ 600 ಮಿ.ಮೀ. ಆಳ, ಫಿಲ್ಟರ್ ಹೊರಗೆಳೆಯಲು ಬಾಗಿಲ ಮುಂದೆ ಅಷ್ಟೇ ಖಾಲಿ ಜಾಗ, ಎರಡು ಹಂತಕ್ಕೂ ಗೇಜ್ ತೂತುಗಳು, ಇವನ್ನು ಆರ್ಡರ್‌ನಲ್ಲೇ ಬರೆಸಿ. ಉಕ್ಕಿನ ಪೆಟ್ಟಿಗೆ ಬಂದು ಕೂತ ಮೇಲೆ ಆಳ ಕೂಡಿಸಲು ಬರುವುದಿಲ್ಲ. ಆಗ ಮತ್ತೆ ಖ-ಯೇ ಗತಿ.